ವರ್ಗ ಮಾಡುವುದು ಯಾಕೆ?

ಬಿ.ಎಸ್ಸಿ. ಮೊದಲ ವರ್ಷದ ಫಿಸಿಕ್ಸ್ ಲ್ಯಾಬಿನಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಸ್ಪ್ರಿಂಗ್, ನೂರು ಗ್ರಾಮಿನ ಐದು ತೂಕದ ಬಿಲ್ಲೆಗಳು ಮತ್ತು ಸ್ಟ್ಯಾಂಡಿಗೆ ಕಟ್ಟಿದ ಒಂದು ಸ್ಕೇಲು. ಬಿಲ್ಲೆಗಳನ್ನು ಒಂದೊಂದಾಗಿ ಏರಿಸುತ್ತ ಹೋಗಬೇಕು, ಸ್ಪ್ರಿಂಗ್ ಎಷ್ಟು ಹಿಗ್ಗಿತು ಎಂದು ಬರೆದುಕೊಳ್ಳಬೇಕು. ಒಂದು ಬಿಲ್ಲೆಗೆ 21 ಮಿಲಿಮೀಟರ್, ಎರಡಕ್ಕೆ 39, ಮೂರಕ್ಕೆ 62, ನಾಲ್ಕಕ್ಕೆ 79, ಐದಕ್ಕೆ 102 ಬಂತು ಎಂದಿಟ್ಟುಕೊಳ್ಳಿ. ತೂಕ ಎಷ್ಟು ಪಟ್ಟು ಹೆಚ್ಚಾಯಿತೋ ಹಿಗ್ಗುವಿಕೆಯೂ ಅಷ್ಟೇ ಪಟ್ಟು ಹೆಚ್ಚಾಗಬೇಕು ಎನ್ನುತ್ತದೆ ಹುಕ್‌ನ ನಿಯಮ. ಆದ್ದರಿಂದ ಗ್ರಾಫ್ ಹಾಳೆಯಲ್ಲಿ ಸೊನ್ನೆಯಿಂದ ಹೊರಟ ಒಂದು ನೇರ ಗೆರೆ ಬರಬೇಕು. ಬರಲಿಲ್ಲ. ಐದು ಚುಕ್ಕೆಗಳು ಗೆರೆಯ ಆಚೆಗೊಂದು ಈಚೆಗೊಂದು ಕೂತವು.

ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಯಾವುದಾದರೂ ಒಂದು ಗೆರೆ ಎಳೆಯಿರಿ, ಪ್ರತಿ ಚುಕ್ಕೆಯೂ ಗೆರೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆ ನೋಡಿ, ಆ ವ್ಯತ್ಯಾಸಗಳ ವರ್ಗ ಮಾಡಿ ಕೂಡಿಸಿ. ಈ ಮೊತ್ತ ಅತಿ ಕಡಿಮೆಯಾಗುವ ಗೆರೆಯೇ ಒಳ್ಳೆಯ ಗೆರೆ. ಇದು ಕನಿಷ್ಠ ವರ್ಗ ವಿಧಾನ. "ವರ್ಗ ಯಾಕೆ ಸಾರ್?" ಎಂದು ಕೇಳಿದ್ದಕ್ಕೆ ನಮ್ಮ ಮೇಷ್ಟ್ರು, "ಮೈನಸ್ ಹೋಗಲಿ ಅಂತ" ಎಂದರು. ಮೈನಸ್ ಹೋಗಬೇಕಾದರೆ ಅದನ್ನು ಅಳಿಸಿದರೆ ಸಾಕಲ್ಲ, ಅದಕ್ಕೆ ವರ್ಗ ಯಾಕೆ ಬೇಕು? ನಾಲ್ಕನೇ ಘಾತಕ್ಕೆ ಏರಿಸಿದರೂ ಮೈನಸ್ ಹೋಗುತ್ತದೆ. ಬೆಲ್ ಹೊಡೆಯಿತು, ಪ್ರಶ್ನೆ ಅಲ್ಲೇ ಉಳಿಯಿತು.

ಉತ್ತರ ಹುಡುಕಬೇಕಾದರೆ ಗೆರೆಯನ್ನು ಸ್ವಲ್ಪ ಹೊತ್ತು ಮರೆತು, ತಪ್ಪುಗಳ ಕಡೆಗೆ ನೋಡಬೇಕು.

ಚುಕ್ಕೆಗಳು ಗೆರೆ ಬಿಟ್ಟು ಸರಿದದ್ದು ಯಾಕೆ? ಬಿಲ್ಲೆ ಏರಿಸಿದ ಮೇಲೆ ಸ್ಪ್ರಿಂಗ್ ಇನ್ನೂ ಕೊಂಚ ತೂಗಾಡುತ್ತಿತ್ತು. ಮುಳ್ಳಿನ ಮಟ್ಟಕ್ಕೆ ಕಣ್ಣನ್ನು ಸರಿಯಾಗಿ ತಂದಿರಲಿಲ್ಲ. ಮುಳ್ಳಿನ ತುದಿಯೇ ಅರ್ಧ ಮಿಲಿಮೀಟರ್ ದಪ್ಪ. ಬಿಲ್ಲೆಯ ಮೇಲೆ ನೂರು ಎಂದು ಕೆತ್ತಿದ್ದರೂ ಅದು ಸವೆದು ತೊಂಬತ್ತೊಂಬತ್ತು ಆಗಿರಬಹುದು. ಇವುಗಳಲ್ಲಿ ಯಾವೊಂದೂ ದೊಡ್ಡದಲ್ಲ. ಒಂದು ಮೇಲಕ್ಕೆ ತಳ್ಳುತ್ತದೆ, ಇನ್ನೊಂದು ಕೆಳಕ್ಕೆ. ಹೀಗೆ ಹಲವು ಸಣ್ಣ, ಪರಸ್ಪರ ಸಂಬಂಧವಿಲ್ಲದ ತಳ್ಳಾಟಗಳು ಕೂಡಿ ಆದ ತಪ್ಪು ಹೇಗೆ ಹರಡಿಕೊಳ್ಳುತ್ತದೆ ಎಂಬುದು ಗೊತ್ತಿರುವ ಸಂಗತಿ. ಸಣ್ಣ ತಪ್ಪುಗಳು ಹೆಚ್ಚು, ದೊಡ್ಡವು ಕಡಿಮೆ, ತೀರಾ ದೊಡ್ಡವು ಇಲ್ಲವೇ ಇಲ್ಲವೆನ್ನುವಷ್ಟು ಅಪರೂಪ. ಚಿತ್ರ ಬರೆದರೆ ಬೋರಲು ಹಾಕಿದ ಗಂಟೆಯ ಆಕಾರ. ಇದನ್ನೇ ನಾರ್ಮಲ್ ವಿತರಣೆ ಎನ್ನುತ್ತಾರೆ.

ಈ ಗಂಟೆಗೆ ಒಂದು ಸೂತ್ರವಿದೆ. e ಎಂಬಷ್ಟು ತಪ್ಪಿನ ಮೇಲೆ ಗಂಟೆಯ ಎತ್ತರ ಎಷ್ಟು ಎಂದರೆ, ನೆತ್ತಿಯ ಎತ್ತರ 1 ಎಂದಿಟ್ಟುಕೊಂಡಾಗ,

exp(−e²/2σ²)

ಇಲ್ಲಿ σ ಎನ್ನುವುದು ಗಂಟೆ ಎಷ್ಟು ಅಗಲ ಎಂಬುದರ ಅಳತೆ. ನಮ್ಮ ಲ್ಯಾಬಿಗೆ ಅದು 2 ಮಿಲಿಮೀಟರ್ ಎಂದುಕೊಳ್ಳೋಣ. ಆಗ ತಪ್ಪೇ ಇಲ್ಲದಿದ್ದರೆ ಎತ್ತರ 1, ಎರಡು ಮಿಲಿಮೀಟರ್ ತಪ್ಪಿಗೆ 0.61, ನಾಲ್ಕಕ್ಕೆ 0.14, ಆರಕ್ಕೆ 0.01. ಬರಬರುತ್ತ ಇಳಿತ ಎಷ್ಟು ಕಡಿದಾಗುತ್ತದೆ ನೋಡಿ. ಸೂತ್ರದ ಒಳಗೆ e ತಲೆಯ ಮೇಲೆ ಒಂದು 2 ಹೊತ್ತು ಕೂತಿದೆಯಲ್ಲ, ಅದನ್ನು ನೆನಪಿಡಿ.

ಈಗ ಪ್ರಶ್ನೆಯನ್ನು ತಿರುಗಿಸಿ ಕೇಳೋಣ. ಯಾವ ಗೆರೆ ಚುಕ್ಕೆಗಳಿಗೆ ಹತ್ತಿರ ಎಂದು ಕೇಳುವುದು ಬೇಡ. ಗೆರೆ ಇದೇ ಆಗಿದ್ದರೆ ನನ್ನ ಹಾಳೆಯಲ್ಲಿ ಈ ಐದು ಅಂಕಿಗಳೇ ಬರುವ ಸಾಧ್ಯತೆ ಎಷ್ಟಿತ್ತು ಎಂದು ಕೇಳೋಣ. ಪ್ರತಿ ಗೆರೆಗೂ ಈ ಪ್ರಶ್ನೆ ಹಾಕಿ, ಯಾವುದರ ಕೆಳಗೆ ಅಂಕಿಗಳು ಅತಿ ಸಹಜವಾಗಿ ಕಾಣುತ್ತವೋ ಅದನ್ನು ಆರಿಸಿಕೊಳ್ಳುವುದು. ಊರಿನಲ್ಲಿ ಹಾಲಿಗೆ ನೀರು ಬೆರೆಸಿದ್ದು ಯಾರೆಂದು ಲೆಕ್ಕ ಹಾಕುವವರು ಮಾಡುವುದೂ ಇದನ್ನೇ: ಇವನಾಗಿದ್ದರೆ ಹೀಗಾಗುತ್ತಿತ್ತೇ, ಅವನಾಗಿದ್ದರೆ? ಇಂಗ್ಲೆಂಡಿನ ರೊನಾಲ್ಡ್ ಫಿಷರ್ 1922ರ ತನ್ನ ಪ್ರಬಂಧದಲ್ಲಿ ಇದನ್ನು ಮ್ಯಾಕ್ಸಿಮಮ್ ಲೈಕ್ಲಿಹುಡ್ ಎಂದು ಕರೆದ. ಸಂಭವನೀಯತೆ ಎನ್ನದೆ ಲೈಕ್ಲಿಹುಡ್ ಎಂಬ ಬೇರೆ ಪದ ಬಳಸಿದ್ದಕ್ಕೆ ಅವನಿಗೆ ಕಾರಣವಿತ್ತು. ಗೆರೆ ಇಂಥದ್ದಾಗಿರುವ ಸಂಭವ ಇಷ್ಟು ಎಂದು ಇದು ಹೇಳುವುದಿಲ್ಲ. ಸ್ಪ್ರಿಂಗಿನ ಗುಣ ಇರುವುದು ಒಂದೇ, ಅದು ದಾಳ ಹಾಕಿ ಬಂದದ್ದಲ್ಲ. ಅಂಕಿಗಳ ಕಡೆಯಿಂದ ನೋಡಿದಾಗ ಯಾವ ಗೆರೆಗೆ ಎಷ್ಟು ಸಾಕ್ಷಿ ಸಿಗುತ್ತದೆ ಎಂಬುದಷ್ಟೇ ಇದರ ಮಾತು.

ಮಾಡಿಯೇ ನೋಡೋಣ. ಮೊದಲ ಗೆರೆ: ಬಿಲ್ಲೆಗೆ 21 ಮಿಲಿಮೀಟರ್. ಅದರ ಪ್ರಕಾರ ಬರಬೇಕಾದದ್ದು 21, 42, 63, 84, 105. ನಮಗೆ ಬಂದದ್ದರಲ್ಲಿ ಇದನ್ನು ಕಳೆದರೆ 0, −3, −1, −5, −3. ಪ್ರತಿಯೊಂದರ ಮೇಲೂ ಗಂಟೆಯ ಎತ್ತರ ನೋಡಿದರೆ 1, 0.32, 0.88, 0.04, 0.32. ಒಂದು ಅಳತೆಯ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲ ಎಂದಾದರೆ ಐದೂ ಒಟ್ಟಿಗೆ ಸಂಭವಿಸುವ ಸಾಧ್ಯತೆ ತಿಳಿಯಲು ಇವನ್ನು ಗುಣಿಸಬೇಕು. ಗುಣಿಸಿದರೆ ಸುಮಾರು 0.004. ಎರಡನೇ ಗೆರೆ: ಬಿಲ್ಲೆಗೆ 20. ವ್ಯತ್ಯಾಸಗಳು 1, −1, 2, −1, 2. ಎತ್ತರಗಳು 0.88, 0.88, 0.61, 0.88, 0.61. ಗುಣಲಬ್ಧ 0.25. ಎರಡನೆಯದಕ್ಕೆ ಮೊದಲನೆಯದಕ್ಕಿಂತ ಅರವತ್ತು ಪಟ್ಟು ಹೆಚ್ಚು ಸಾಕ್ಷಿ ಸಿಕ್ಕಿತು.

ಈ ಗುಣಾಕಾರದ ಒಳಗೆ ನಡೆದದ್ದೇನು ಎಂಬುದರಲ್ಲೇ ಇಡೀ ಗುಟ್ಟಿದೆ. exp ಎಂಬುದು ಘಾತದ ಲೆಕ್ಕ. ಘಾತಗಳಿರುವ ಸಂಖ್ಯೆಗಳನ್ನು ಗುಣಿಸಿದರೆ ಘಾತಗಳು ಕೂಡುತ್ತವೆ. ಹತ್ತನೇ ಕ್ಲಾಸಿನಲ್ಲಿ ಕಲಿತದ್ದು. ಹಾಗಾಗಿ ಐದು ಎತ್ತರಗಳನ್ನು ಗುಣಿಸಿದಾಗ ಮೇಲೆ ಕೂತಿದ್ದ ಐದು e² ತಾವಾಗಿಯೇ ಒಂದಕ್ಕೊಂದು ಕೂಡಿಕೊಂಡವು. ಎರಡನೇ ಗೆರೆಗೆ 1+1+4+1+4, ಅಂದರೆ 11; ಗುಣಲಬ್ಧ exp(−11/8). ಮೊದಲ ಗೆರೆಗೆ 0+9+1+25+9, ಅಂದರೆ 44, ಗುಣಲಬ್ಧ exp(−44/8). ಈ 11 ಮತ್ತು 44 ಯಾವುವು? ವ್ಯತ್ಯಾಸಗಳ ವರ್ಗಗಳ ಮೊತ್ತ. ಮುಂದೆ ಮೈನಸ್ ಇರುವುದರಿಂದ ಮೊತ್ತ ಇಳಿದಷ್ಟೂ ಲೈಕ್ಲಿಹುಡ್ ಏರುತ್ತದೆ. ಲೈಕ್ಲಿಹುಡ್ ಅತಿ ಹೆಚ್ಚಾಗುವ ಗೆರೆ ಹುಡುಕುವುದೂ ಒಂದೇ, ವರ್ಗಗಳ ಮೊತ್ತ ಅತಿ ಕಡಿಮೆಯಾಗುವ ಗೆರೆ ಹುಡುಕುವುದೂ ಒಂದೇ. ವರ್ಗವನ್ನು ಹೊರಗಿನಿಂದ ಯಾರೂ ತಂದು ಹೇರಲಿಲ್ಲ. ಗಂಟೆಯ ಸೂತ್ರದಲ್ಲಿದ್ದ ಆ 2 ಗುಣಾಕಾರದ ಬಾಗಿಲಿನಿಂದ ಹೊರಬಂತು, ಅಷ್ಟೆ.

ಇಬ್ಬರಿಗೂ ಒಪ್ಪಿಗೆಯಾಗುವ ಗೆರೆ ಯಾವುದು? ಸೊನ್ನೆಯಿಂದ ಹೊರಡುವ ಗೆರೆಗೆ ಲೆಕ್ಕ ಸುಲಭ. ಪ್ರತಿ ಬಿಲ್ಲೆಸಂಖ್ಯೆಯನ್ನು ಅದರ ಹಿಗ್ಗುವಿಕೆಯಿಂದ ಗುಣಿಸಿ ಕೂಡಿದರೆ 1111, ಬಿಲ್ಲೆಸಂಖ್ಯೆಗಳ ವರ್ಗಗಳನ್ನು ಕೂಡಿದರೆ 55. ಭಾಗಿಸಿದರೆ 20.2. ಈ ಗೆರೆಗೆ ವರ್ಗಗಳ ಮೊತ್ತ 8.8, ಗುಣಲಬ್ಧ 0.33. ಇದಕ್ಕಿಂತ ಮೇಲೆ ಹೋಗುವ ಗೆರೆ ಇನ್ನೊಂದಿಲ್ಲ. σ ಎರಡು ಎಂದು ನಾನು ಊಹಿಸಿಕೊಂಡದ್ದು ತಪ್ಪಾಗಿದ್ದರೆ? ಅದು ಒಂದೇ ಆಗಿರಲಿ, ಐದೇ ಆಗಿರಲಿ, ಗೆಲ್ಲುವುದು 20.2. ಬದಲಾಗುವುದು ಗೆಲುವಿನ ಅಂತರ ಮಾತ್ರ.

ಆದರೆ σ ಎಷ್ಟೆಂದೂ ಅಂಕಿಗಳಿಂದಲೇ ತಿಳಿಯಹೊರಟರೆ ಎರಡು ದಾರಿಗಳ ನಡುವೆ ಒಂದು ಸಣ್ಣ ಬಿರುಕು ಕಾಣುತ್ತದೆ. ಲೈಕ್ಲಿಹುಡ್ 8.8ನ್ನು ಐದರಿಂದ ಭಾಗಿಸು ಎನ್ನುತ್ತದೆ, σ ಆಗ 1.33. ಕನಿಷ್ಠ ವರ್ಗದ ಸಂಪ್ರದಾಯದವರು ನಾಲ್ಕರಿಂದ ಭಾಗಿಸುತ್ತಾರೆ, σ ಆಗ 1.48. ಐದು ಚುಕ್ಕೆಗಳಲ್ಲಿ ಒಂದರಷ್ಟು ಮಾಹಿತಿ ಗೆರೆಯನ್ನು ಕೂರಿಸಲು ಖರ್ಚಾಗಿದೆ, ಉಳಿದದ್ದು ನಾಲ್ಕೇ ಎಂಬುದು ಅವರ ವಾದ. ನನಗೆ ಈ ವಾದವೇ ಸರಿಯೆನಿಸುತ್ತದೆ. ಚುಕ್ಕೆಗಳಿಗೆ ಹೊಂದುವಂತೆ ಗೆರೆಯನ್ನು ನಾವೇ ಎಳೆದು, ಆಮೇಲೆ ಅದೇ ಗೆರೆಯಿಂದ ತಪ್ಪು ಅಳೆದರೆ ತಪ್ಪು ಇರುವುದಕ್ಕಿಂತ ಕಡಿಮೆ ಕಾಣುವುದು ಸಹಜ. ಚುಕ್ಕೆ ಐನೂರು ಇದ್ದರೆ ಈ ಜಗಳಕ್ಕೆ ಅರ್ಥವಿಲ್ಲ.

ಈ ಕಥೆ ಚರಿತ್ರೆಯಲ್ಲಿ ನಡೆದದ್ದು ಮಾತ್ರ ಹಿಂದುಮುಂದಾಗಿ. ಕನಿಷ್ಠ ವರ್ಗವನ್ನು ಮೊದಲು ಅಚ್ಚು ಹಾಕಿಸಿದವನು ಫ್ರಾನ್ಸಿನ ಲೆಜಾಂಡ್ರ್. 1805ರಲ್ಲಿ, ಧೂಮಕೇತುಗಳ ಕಕ್ಷೆಯ ಬಗ್ಗೆ ಬರೆದ ಪುಸ್ತಕದ ಅನುಬಂಧವಾಗಿ. ಲೆಕ್ಕ ಸಲೀಸಾಗುತ್ತದೆ, ಫಲ ಚೆನ್ನಾಗಿ ಬರುತ್ತದೆ ಎಂಬುದಕ್ಕಿಂತ ಆಳವಾದ ಕಾರಣ ಅವನು ಕೊಡಲಿಲ್ಲ. ನಾಲ್ಕು ವರ್ಷದ ಮೇಲೆ, 1809ರಲ್ಲಿ, ಜರ್ಮನಿಯ ಗಾಸ್ ಗ್ರಹಗಳ ಚಲನೆಯ ಮೇಲಿನ ತನ್ನ ಗ್ರಂಥದಲ್ಲಿ ಈ ವಿಧಾನವನ್ನು 1795ರಿಂದಲೇ ಬಳಸುತ್ತಿದ್ದೇನೆ ಎಂದು ಬರೆದು ಲೆಜಾಂಡ್ರ್‌ನ ಕೋಪಕ್ಕೆ ಗುರಿಯಾದ. ಜಗಳ ಬಿಡಿ. ಆ ಗ್ರಂಥದಲ್ಲಿ ಗಾಸ್ ಕೊಟ್ಟ ಕಾರಣ ಮುಖ್ಯ.

ಅವನು ಹೊರಟದ್ದು ಗಂಟೆಯಿಂದಲ್ಲ, ಸರಾಸರಿಯಿಂದ. ಒಂದೇ ವಸ್ತುವನ್ನು ಹತ್ತು ಸಲ ಅಳೆದರೆ ಖಗೋಳಜ್ಞರೆಲ್ಲ ಸರಾಸರಿ ತೆಗೆಯುತ್ತಾರೆ, ಅದೇ ಅತ್ಯುತ್ತಮ ಎಂದು ನಂಬುತ್ತಾರೆ. ಹಾಗಾದರೆ ಯಾವಾಗಲೂ ಸರಾಸರಿಯೇ ಅತ್ಯುತ್ತಮ ಎಂದು ಬರಬೇಕಾದರೆ ತಪ್ಪುಗಳು ಯಾವ ಆಕಾರದಲ್ಲಿ ಹರಡಿರಬೇಕು ಎಂದು ಕೇಳಿದ. ಇದನ್ನು ಬಿಡಿಸಿಕೊಳ್ಳಲು ನಮ್ಮ ಸ್ಪ್ರಿಂಗೇ ಸಾಕು. ಪ್ರತಿ ಅಳತೆಯೂ ಉತ್ತರವನ್ನು ತನ್ನ ಕಡೆಗೆ ಎಳೆಯುತ್ತಿದೆ ಎಂದು ಭಾವಿಸಿ. ಎಳೆತಗಳೆಲ್ಲ ಸರಿದೂಗಿದ ಜಾಗದಲ್ಲಿ ಉತ್ತರ ನಿಲ್ಲುತ್ತದೆ. ಸರಾಸರಿಯ ಗುಣವೇನು? ಅದರಿಂದ ಮೇಲಿರುವ ವ್ಯತ್ಯಾಸಗಳನ್ನೂ ಕೆಳಗಿರುವವನ್ನೂ ಕೂಡಿದರೆ ಸದಾ ಸೊನ್ನೆ. ಅಳತೆಗಳು ಏನೇ ಇರಲಿ ಉತ್ತರ ಸರಾಸರಿಯಲ್ಲೇ ನಿಲ್ಲಬೇಕಾದರೆ ಎಳೆತ ವ್ಯತ್ಯಾಸದಷ್ಟೇ ಇರಬೇಕು: ವ್ಯತ್ಯಾಸ ಎರಡರಷ್ಟಾದರೆ ಎಳೆತವೂ ಎರಡರಷ್ಟು. ಸ್ಪ್ರಿಂಗ್ ಎಳೆಯುವುದೂ ಹೀಗೆಯೇ. ಈ ಎಳೆತ ಗಣಿತದಲ್ಲಿ ತಪ್ಪಿನ ವಕ್ರರೇಖೆಯ ಲಾಗರಿದಮ್ಮಿನ ಇಳಿಜಾರು. ಇಳಿಜಾರು ತಪ್ಪಿನ ಅನುಪಾತದಲ್ಲಿದ್ದರೆ ಲಾಗರಿದಮ್ ತಪ್ಪಿನ ವರ್ಗದಂತೆ ಇಳಿಯುತ್ತದೆ. ಲಾಗರಿದಮ್ ವರ್ಗದಂತೆ ಇಳಿಯುವ ವಕ್ರರೇಖೆ ಒಂದೇ, ಅದು ಗಂಟೆ. ಗಾಸ್ ಹೀಗೆ ಸರಾಸರಿಯಿಂದ ಗಂಟೆಗೆ ಬಂದು, ಗಂಟೆಯಿಂದ ಕನಿಷ್ಠ ವರ್ಗಕ್ಕೆ ಹೋದ.

ನಮ್ಮ ಗೆರೆಯಲ್ಲೂ ಈ ಎಳೆದಾಟ ಕಾಣಬಹುದು. 20.2ರ ಗೆರೆಯಿಂದ ಉಳಿದ ವ್ಯತ್ಯಾಸಗಳು 0.8, −1.4, 1.4, −1.8, 1. ದೂರದ ಚುಕ್ಕೆಗೆ ಸನ್ನೆಗೋಲಿನ ಲಾಭವಿದೆ, ಗೆರೆಯನ್ನು ತುದಿಯಲ್ಲಿ ಹಿಡಿದು ಎಳೆಯುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ಬಿಲ್ಲೆಸಂಖ್ಯೆಯಿಂದ ಗುಣಿಸಿ: 0.8, −2.8, 4.2, −7.2, 5. ಕೂಡಿದರೆ ಕರಾರುವಾಕ್ಕಾಗಿ ಸೊನ್ನೆ.

ಗಾಸ್‌ನ ವಾದ ಸುತ್ತಿಕೊಂಡು ಬಂದದ್ದು ಎಂದು ಯಾರಿಗಾದರೂ ಅನಿಸಿದರೆ ತಪ್ಪಿಲ್ಲ. ಸರಾಸರಿ ಒಳ್ಳೆಯದು ಯಾಕೆ? ತಪ್ಪು ಗಂಟೆಯಂತಿರುವುದರಿಂದ. ತಪ್ಪು ಗಂಟೆಯಂತಿದೆ ಎಂದು ಹೇಗೆ ಗೊತ್ತು? ಸರಾಸರಿ ಒಳ್ಳೆಯದಾದ್ದರಿಂದ. ಈ ಸುಳಿಯಿಂದ ಅವನನ್ನು ಎತ್ತಿದವನು ಲಾಪ್ಲಾಸ್. ಹಲವು ಸಣ್ಣ ಸ್ವತಂತ್ರ ಕಾರಣಗಳ ಮೊತ್ತ ಗಂಟೆಯ ಆಕಾರಕ್ಕೆ ಬಂದು ಸೇರುತ್ತದೆ ಎಂದು ಅವನು 1810ರಲ್ಲಿ ತೋರಿಸಿದ. ತೂಗಾಡುವ ಸ್ಪ್ರಿಂಗ್, ಓರೆ ಕಣ್ಣು, ದಪ್ಪ ಮುಳ್ಳು, ಸವೆದ ಬಿಲ್ಲೆ ಎಂದು ನಾನು ಮೊದಲು ಪಟ್ಟಿ ಮಾಡಿದ್ದು ಈ ಬಲದ ಮೇಲೆಯೇ. ಗಾಸ್ ಸಹ 1820ರ ದಶಕದಲ್ಲಿ ತನ್ನ ಹಳೆಯ ವಾದವನ್ನು ಬದಿಗಿಟ್ಟು, ಗಂಟೆಯನ್ನೇ ನಂಬದ ಇನ್ನೊಂದು ಸಮರ್ಥನೆ ಕೊಟ್ಟ. ತಪ್ಪುಗಳಿಗೆ ಒಂದೇ σ ಇದ್ದು, ಅವು ಒಂದೇ ಕಡೆಗೆ ವಾಲದೆ, ಒಂದಕ್ಕೊಂದು ಅಂಟಿಕೊಳ್ಳದೆ ಇದ್ದರೆ ಸಾಕು. ಅಳತೆಗಳನ್ನು ಗುಣಿಸಿ ಕೂಡಿ ಮಾತ್ರ ಉತ್ತರ ಕಟ್ಟುವ, ಯಾವ ಕಡೆಗೂ ವಾಲದ ವಿಧಾನಗಳಲ್ಲೆಲ್ಲ ಕನಿಷ್ಠ ವರ್ಗದ ಉತ್ತರವೇ ಅತಿ ಕಡಿಮೆ ಅಲುಗಾಡುವಂಥದ್ದು. ಅಂದರೆ ಗಂಟೆ ಇಲ್ಲದಿದ್ದರೆ ಕನಿಷ್ಠ ವರ್ಗ ಸುಳ್ಳಾಗುವುದಿಲ್ಲ. ಎಲ್ಲ ವಿಧಾನಗಳಲ್ಲೂ ತಾನೇ ಮೇಲು ಎನ್ನುವ ಹಕ್ಕನ್ನಷ್ಟೇ ಕಳೆದುಕೊಳ್ಳುತ್ತದೆ.

ಗುಣಿಸುವಾಗ ನಾವು ಸದ್ದಿಲ್ಲದೆ ಇನ್ನೊಂದು ಮಾತನ್ನೂ ಒಪ್ಪಿಕೊಂಡೆವು. ತಪ್ಪುಗಳು ಸ್ವತಂತ್ರ ಎಂಬ ಮಾತು. ಮೂರನೇ ಬಿಲ್ಲೆ ಏರಿಸುವಾಗ ನನ್ನ ತೋಳು ತಾಗಿ ಸ್ಕೇಲು ಮೂರು ಮಿಲಿಮೀಟರ್ ಜಾರಿತು ಎನ್ನಿ. ಅಲ್ಲಿಂದ ಮುಂದಿನ ಎಲ್ಲ ಅಳತೆಗಳೂ ಒಂದೇ ಕಡೆಗೆ ಸರಿಯುತ್ತವೆ. ಸೂತ್ರ ಅದನ್ನು ಮೂರು ಪ್ರತ್ಯೇಕ ಸಾಕ್ಷಿ ಎಂದು ಎಣಿಸುತ್ತದೆ. ನಿಜದಲ್ಲಿ ಅದು ಒಂದೇ ತೋಳಿನ ಒಂದೇ ಸಾಕ್ಷಿ. ಇನ್ನು σ ಎಲ್ಲ ಅಳತೆಗೂ ಒಂದೇ ಅಲ್ಲದಿದ್ದರೆ, ಭಾರ ಹೆಚ್ಚಾದಂತೆ ತೂಗಾಟವೂ ಹೆಚ್ಚಾದರೆ, ಸೂತ್ರವೇ ಮದ್ದು ಹೇಳುತ್ತದೆ: ಪ್ರತಿ e²ಯನ್ನೂ ಅದರದೇ σ²ನಿಂದ ಭಾಗಿಸಿ ಕೂಡಿಸು. ನಡುಗುವ ಅಳತೆಯ ಮಾತಿಗೆ ಬೆಲೆ ತಾನಾಗಿ ಕಡಿಮೆಯಾಗುತ್ತದೆ.

ದೊಡ್ಡ ಪೆಟ್ಟು ಬೀಳುವುದು ಬೇರೆ ಕಡೆ. ರಫ್ ಹಾಳೆಯಿಂದ ರೆಕಾರ್ಡ್ ಪುಸ್ತಕಕ್ಕೆ ಬರೆಯುವಾಗ ನಾನು 102 ಎಂಬುದನ್ನು 120 ಎಂದು ಬರೆದೆ. ಉಳಿದ ನಾಲ್ಕೂ ಸರಿ. ಈಗ 1111ರ ಜಾಗದಲ್ಲಿ 1201, ಗೆರೆ 20.2ರಿಂದ 21.84ಕ್ಕೆ ಹಾರಿತು. ಮೊದಲ ನಾಲ್ಕು ಅಳತೆಗಳಲ್ಲಿ ಯಾವುದನ್ನು ನೋಡಿದರೂ ಬಿಲ್ಲೆಗೆ 21ರ ಮೇಲೆ ಹೋಗಿಲ್ಲ, ಆದರೂ ಗೆರೆ ಅದನ್ನು ದಾಟಿ ಹೋಗಿದೆ. ಯಾಕೆ? ಗಂಟೆಯ ಲೆಕ್ಕದಲ್ಲಿ 20.2ರ ಗೆರೆ ನಿಜವಾಗಿದ್ದರೆ ಐದನೇ ಅಳತೆಯ ತಪ್ಪು 19 ಮಿಲಿಮೀಟರ್, ಅಂದರೆ ಒಂಬತ್ತೂವರೆ σ. ಅಂಥ ತಪ್ಪು ಪ್ರಪಂಚದಲ್ಲಿ ನಡೆಯುವುದೇ ಇಲ್ಲ ಎನ್ನುತ್ತದೆ ಗಂಟೆ. ಅಂಕಿ ಅದಲು ಬದಲಾಗುವುದು ಅದಕ್ಕೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸಣ್ಣ ತಳ್ಳಾಟಗಳು ಮಾತ್ರ. ಹಾಗಾಗಿ ಆ ಒಂದನ್ನು ನಂಬಿ, ಉಳಿದ ನಾಲ್ಕನ್ನು ಸ್ವಲ್ಪ ಸ್ವಲ್ಪ ತಪ್ಪು ಮಾಡುತ್ತದೆ.

ಪತ್ತೆಹಚ್ಚುವುದು ಕಷ್ಟವಲ್ಲ, ಉಳಿದ ವ್ಯತ್ಯಾಸಗಳನ್ನು ಬರೆದು ನೋಡಿದರೆ ಸಾಕು: −0.8, −4.7, −3.5, −8.4, +10.8. ನಾಲ್ಕು ಗೆರೆಯ ಕೆಳಗೆ, ಒಂದೇ ಒಂದು ಮೇಲೆ, ಅದೂ ತುದಿಯಲ್ಲಿ. ಸಹಜ ತಪ್ಪುಗಳು ಹೀಗೆ ಸಾಲಾಗಿ ನಿಲ್ಲುವುದಿಲ್ಲ.

ಮೈನಸ್ ಅಳಿಸಿದರೆ ಸಾಕಲ್ಲ ಎಂಬ ನನ್ನ ಹಳೆಯ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ವರ್ಗ ಮಾಡದೆ ವ್ಯತ್ಯಾಸಗಳ ಗಾತ್ರವನ್ನಷ್ಟೇ ಕೂಡಿಸುವುದೂ ಒಂದು ಲೈಕ್ಲಿಹುಡ್ಡೇ, ಆದರೆ ಬೇರೆ ಆಕಾರದ್ದು. ಲಾಪ್ಲಾಸ್ 1774ರಲ್ಲೇ ಮುಂದಿಟ್ಟಿದ್ದ ಆ ವಕ್ರರೇಖೆಗೆ ನೆತ್ತಿಯಲ್ಲಿ ಗೋಪುರದಂಥ ಚೂಪು, ಎರಡೂ ಬದಿಗೆ ಉದ್ದನೆಯ ಬಾಲ. ದೊಡ್ಡ ತಪ್ಪು ಆಗಾಗ ಆಗುತ್ತದೆ ಎಂದು ಅದು ಒಪ್ಪಿಕೊಂಡಿದೆ. ಅದರಲ್ಲಿ ಎಳೆತ ದೂರ ಹೆಚ್ಚಿದಂತೆ ಹೆಚ್ಚುವುದಿಲ್ಲ. ಒಂದು ಮಿಲಿಮೀಟರ್ ಆಚೆ ಇದ್ದವನೂ ಇಪ್ಪತ್ತು ಆಚೆ ಇದ್ದವನೂ ಹಗ್ಗವನ್ನು ಅಷ್ಟೇ ಬಲದಿಂದ ಎಳೆಯುತ್ತಾರೆ. ಒಂದೇ ವಸ್ತುವನ್ನು ಹಲವು ಸಲ ಅಳೆದಾಗ ಗಂಟೆ ಸರಾಸರಿಯನ್ನು ಕೊಟ್ಟರೆ ಇದು ಮಧ್ಯಾಂಕವನ್ನು ಕೊಡುತ್ತದೆ. ನಮ್ಮ ಸ್ಪ್ರಿಂಗಿಗೆ ಹಾಕಿದರೆ, ಸರಿಯಾದ ಅಂಕಿಗಳಿಂದ 20.4, ತಪ್ಪು ಬರೆದವುಗಳಿಂದ 20.67. ಕನಿಷ್ಠ ವರ್ಗ ಒಂದೂಮುಕ್ಕಾಲಿನ ಹತ್ತಿರ ಜಿಗಿದ ಕಡೆ ಇದು ಕಾಲು ಮಿಲಿಮೀಟರ್ ಕದಲಿತು. ಉಳಿದ ವ್ಯತ್ಯಾಸಗಳಲ್ಲಿ ನಾಲ್ಕು ಸಣ್ಣವು, ಐದನೆಯದು 16.7, ಕಣ್ಣಿಗೆ ರಾಚುವ ಹಾಗೆ.

ನಾನು ಆಗ ಈ ಯಾವುದನ್ನೂ ಮಾಡಲಿಲ್ಲ. ರೆಕಾರ್ಡ್ ಪುಸ್ತಕ ತಿರುವಿ ನೋಡಿದ ಮೇಷ್ಟ್ರು ಐದನೇ ಚುಕ್ಕೆಯ ಮೇಲೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, "ರಫ್ ಹಾಳೆ ಎಲ್ಲಯ್ಯ?" ಎಂದರು. ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟಿದ್ದೆ.